ರೌತ್ ಟೇಬಲ್‌ನಲ್ಲಿ K ಎಲ್ಲಿ ಹೋಯಿತು? ಸೊನ್ನೆ ಸಾಲು ಬಂದರೆ ಏನು ಮಾಡಬೇಕು?

ಪ್ರಶ್ನೆ: ಸರ್, ನಾನು ಎಲೆಕ್ಟ್ರಿಕಲ್ ವಿದ್ಯಾರ್ಥಿನಿ. ಟ್ಯುಟೋರಿಯಲ್‌ನಲ್ಲಿ G(s) = K/[s(s+2)(s+10)], ಯೂನಿಟಿ ಫೀಡ್‌ಬ್ಯಾಕ್, K ಎಷ್ಟರವರೆಗೆ ಇದ್ದರೆ ಸಿಸ್ಟಮ್ ಸ್ಥಿರ ಅಂತ ಕೇಳಿದ್ದಾರೆ. ನಾನು ಛೇದಕ್ಕೆ ರೌತ್ ಟೇಬಲ್ ಹಾಕಿದೆ, ಅದರಲ್ಲಿ K ಬರೋದೇ ಇಲ್ಲ! ಗೆಳತಿಗೆ 240 ಬಂದಿದೆ. ಆದರೆ K = 300 ಹಾಕಿ ಎರಡು ಸೆಕೆಂಡ್ ಸಿಮ್ಯುಲೇಷನ್ ಮಾಡಿದರೆ ಅಂಥದ್ದೇನೂ ಆಗಲಿಲ್ಲ. K = 240 ಹಾಕಿದರೆ ಒಂದು ಸಾಲು ಪೂರ್ತಿ ಸೊನ್ನೆ. ಒಬ್ಬರು ಎಪ್ಸಿಲಾನ್ ಹಾಕು ಅಂತಾರೆ, ಇನ್ನೊಬ್ಬರು ಡಿಫರೆನ್ಷಿಯೇಟ್ ಮಾಡು ಅಂತಾರೆ. ಯಾವುದು ಸರಿ? ಪ್ರಾಜೆಕ್ಟ್ ಮೋಟಾರಿಗೆ K = 230 ಇಟ್ಟರೆ ನಡೆಯುತ್ತಾ?

ಉತ್ತರ: ನಿಮ್ಮ ಗೆಳತಿಯ 240 ಸರಿ. ಆದರೆ 230 ಇಡಬೇಡಿ. ಯಾಕೆ ಅನ್ನುವುದು ಕೊನೆಗೆ ಬರುತ್ತದೆ. ಮೊದಲು K ಎಲ್ಲಿ ಕಳೆದುಹೋಯಿತು ಅಂತ ನೋಡೋಣ.

ನೀವು ಟೇಬಲ್ ಹಾಕಿದ್ದು G(s) ನ ಛೇದಕ್ಕೆ. ಅದು ಓಪನ್ ಲೂಪ್ ಟ್ರಾನ್ಸ್‌ಫರ್ ಫಂಕ್ಷನ್. ಅಂದರೆ ಫೀಡ್‌ಬ್ಯಾಕ್ ತಂತಿಯನ್ನು ಕಿತ್ತು ಪಕ್ಕಕ್ಕಿಟ್ಟಾಗ ಆಂಪ್ಲಿಫೈಯರ್ ಮತ್ತು ಮೋಟಾರ್ ಹೇಗೆ ನಡೆದುಕೊಳ್ಳುತ್ತವೆ ಅನ್ನುವುದನ್ನು ಅದು ಹೇಳುತ್ತದೆ. ತಂತಿ ಕಿತ್ತ ಮೇಲೆ ಗೇನ್ ಜಾಸ್ತಿಯಾದರೇನು, ಕಡಿಮೆಯಾದರೇನು? ಔಟ್‌ಪುಟ್ ದೊಡ್ಡದಾಗಬಹುದು, ಚಿಕ್ಕದಾಗಬಹುದು, ಅಷ್ಟೇ. ಸ್ಥಿರತೆಗೆ ಅದರಿಂದ ಏನೂ ಆಗುವುದಿಲ್ಲ. ಹಾಗಾಗಿ ನಿಮ್ಮ ಟೇಬಲ್‌ನಲ್ಲಿ K ಕಾಣದೇ ಇದ್ದದ್ದು ಸಹಜವೇ. ನೀವು ಕೇಳಿದ ಪ್ರಶ್ನೆಗೆ ಟೇಬಲ್ ಸರಿಯಾದ ಉತ್ತರವನ್ನೇ ಕೊಟ್ಟಿದೆ. ಟ್ಯುಟೋರಿಯಲ್ ಕೇಳಿದ್ದು ಬೇರೆ ಪ್ರಶ್ನೆ.

ಫೀಡ್‌ಬ್ಯಾಕ್ ಜೋಡಿಸಿದ ಮೇಲೆ ಇನ್‌ಪುಟ್‌ನಿಂದ ಔಟ್‌ಪುಟ್‌ಗೆ ಇರುವ ಟ್ರಾನ್ಸ್‌ಫರ್ ಫಂಕ್ಷನ್ ಬದಲಾಗುತ್ತದೆ. ಎರರ್ ಅಂದರೆ ಇನ್‌ಪುಟ್‌ನಿಂದ ಔಟ್‌ಪುಟ್ ಕಳೆದದ್ದು: E = R − C. ಔಟ್‌ಪುಟ್ C = G·E. ಎರಡನ್ನೂ ಸೇರಿಸಿದರೆ C/R = G/(1+G). ನಿಮ್ಮ G ಯನ್ನು ಇದರಲ್ಲಿ ಹಾಕಿ, ಮೇಲೆ ಕೆಳಗೆ s(s+2)(s+10) ರಿಂದ ಗುಣಿಸಿ:

```
C/R = K / [ s(s+2)(s+10) + K ]
    = K / ( s^3 + 12 s^2 + 20 s + K )
```

ಈಗ K ಛೇದದೊಳಗೆ ಬಂದು ಕೂತಿತು, ಅಲ್ವಾ? ಈ ಛೇದವನ್ನು ಸೊನ್ನೆಗೆ ಸಮ ಮಾಡಿದರೆ ಸಿಗುವುದೇ ಕ್ಯಾರೆಕ್ಟರಿಸ್ಟಿಕ್ ಸಮೀಕರಣ. ಅದರ ಬೇರುಗಳೇ ಕ್ಲೋಸ್ಡ್ ಲೂಪ್ ಪೋಲ್‌ಗಳು. ಎಲ್ಲ ಬೇರುಗಳೂ s ಸಮತಲದ ಎಡಭಾಗದಲ್ಲಿದ್ದರೆ ಸಿಸ್ಟಮ್ ಸ್ಥಿರ. ಒಂದೇ ಒಂದು ಬಲಕ್ಕೆ ಹೋದರೂ ಔಟ್‌ಪುಟ್ ಬೆಳೆಯುತ್ತಾ ಹೋಗುತ್ತದೆ.

ಇಲ್ಲೇ ಒಂದು ಎಚ್ಚರಿಕೆ. G ಯಲ್ಲಿ ಮೇಲೆ (s−1), ಕೆಳಗೂ (s−1) ಇದ್ದರೆ ಹೊಡೆದುಹಾಕುವ ಆಸೆ ಬರುತ್ತದೆ. ಹೊಡೆಯಬೇಡಿ. ಹೊಡೆದ ಮೇಲೆ ಆ ಬಲಭಾಗದ ಪೋಲ್ ಟೇಬಲ್‌ಗೆ ಬರುವುದೇ ಇಲ್ಲ. ಆದರೆ ಮೋಟಾರಿನೊಳಗೆ ಅದು ಹಾಗೇ ಇರುತ್ತದೆ.

ಈಗ ಟೇಬಲ್. ಮೊದಲ ಸಾಲಿಗೆ ಒಂದು ಬಿಟ್ಟು ಒಂದು ಗುಣಾಂಕ, ಎರಡನೇ ಸಾಲಿಗೆ ಉಳಿದವು.

```
s^3 |  1              20
s^2 |  12             K
s^1 |  (240 - K)/12   0
s^0 |  K
```

ಮೂರನೇ ಸಾಲು ಬಂದದ್ದು ಹೀಗೆ: 12 × 20, ಅದರಲ್ಲಿ 1 × K ಕಳೆಯಿರಿ, 12 ರಿಂದ ಭಾಗಿಸಿ. ಯಾವಾಗಲೂ ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಹೋಗುವ ಗುಣಲಬ್ಧ ಮೊದಲು. ಭಾಗಿಸುವುದು ಹತ್ತಿರದ ಮೇಲಿನ ಸಾಲಿನ ಮೊದಲ ಸಂಖ್ಯೆಯಿಂದ. ಉತ್ತರ ಪತ್ರಿಕೆಗಳಲ್ಲಿ ಅತಿ ಹೆಚ್ಚು ತಪ್ಪುವುದು ಇದೇ ಜಾಗದಲ್ಲಿ. ಕ್ರಮ ತಿರುಗಿಸಿ (K − 240)/12 ಅಂತ ಬರೆದುಬಿಡುತ್ತಾರೆ. ಆಮೇಲೆ K 240 ಕ್ಕಿಂತ ಜಾಸ್ತಿ ಇರಬೇಕು ಅನ್ನುವ ತಲೆಕೆಳಗಾದ ಉತ್ತರ ಬರುತ್ತದೆ. ಇದನ್ನು ಹಿಡಿಯುವುದು ಸುಲಭ. K ಯನ್ನು 1 ಅಂತ ಇಟ್ಟು ನೋಡಿ. ಈ ಮೋಟಾರಿಗೆ ಅಷ್ಟು ಸಣ್ಣ ಗೇನ್‌ನಲ್ಲಿ ಸಿಸ್ಟಮ್ ಸ್ಥಿರವೇ ಇರುತ್ತದೆ, ಹಾಗಾಗಿ ಆ ಸಂಖ್ಯೆ ಧನವಾಗಿರಬೇಕು. ಇನ್ನೊಂದು ಪರೀಕ್ಷೆಯೂ ಇದೆ. ಮೊದಲ ಕಾಲಮ್ಮಿನ ಕಟ್ಟಕಡೆಯ ಸಂಖ್ಯೆ ಸಮೀಕರಣದ ಸ್ಥಿರ ಪದಕ್ಕೆ ಸಮ ಆಗಲೇಬೇಕು. ಇಲ್ಲಿ ಅದು K. ಸಾಲುಗಳನ್ನು ಮಧ್ಯೆ ಸರಳ ಮಾಡಿಕೊಳ್ಳದೇ ಇದ್ದರೂ ಕೊನೆಯಲ್ಲಿ ಬೇರೇನೋ ಬಂದರೆ, ಎಲ್ಲೋ ಲೆಕ್ಕ ತಪ್ಪಿದೆ ಅಂತಲೇ ಅರ್ಥ.

ಮೊದಲ ಕಾಲಮ್ಮಿನಲ್ಲಿ ಎಲ್ಲವೂ ಧನ ಆಗಬೇಕು. (240 − K)/12 ಧನ ಆಗಲು K < 240. ಕೊನೆಯ K ಧನ ಆಗಲು K > 0. ಹಾಗಾಗಿ 0 < K < 240. ಘನ ಸಮೀಕರಣಕ್ಕೆ ಟೇಬಲ್ ಬರೆಯದೆಯೂ ಹೇಳಬಹುದು: ಎಲ್ಲ ಗುಣಾಂಕಗಳೂ ಧನ ಇರಬೇಕು, ಮತ್ತು ಒಳಗಿನ ಎರಡರ ಗುಣಲಬ್ಧ ಹೊರಗಿನ ಎರಡರ ಗುಣಲಬ್ಧಕ್ಕಿಂತ ದೊಡ್ಡದಿರಬೇಕು. 12 × 20 > 1 × K. ಪರೀಕ್ಷೆಯಲ್ಲಿ ಉತ್ತರ ತಾಳೆ ನೋಡಲು ಇಷ್ಟು ಸಾಕು.

ಬೇರುಗಳನ್ನು ಕಂಡುಹಿಡಿಯದೆ ಅವು ಯಾವ ಕಡೆ ಇವೆ ಅಂತ ಮಾತ್ರ ಹೇಳುವ ಈ ಉಪಾಯವನ್ನು ಎಡ್ವರ್ಡ್ ರೌತ್ 1877 ರಲ್ಲಿ ಕೇಂಬ್ರಿಜ್‌ನ ಆಡಮ್ಸ್ ಬಹುಮಾನದ ಪ್ರಬಂಧದಲ್ಲಿ ಕೊಟ್ಟರು. ಅದಕ್ಕೂ ಮುಂಚೆ, 1868 ರಲ್ಲಿ, ಮ್ಯಾಕ್ಸ್‌ವೆಲ್ ಉಗಿಯಂತ್ರದ ಗವರ್ನರ್‌ಗಳ ಬಗ್ಗೆ ಬರೆಯುತ್ತಾ ಘನ ಸಮೀಕರಣದ ಷರತ್ತಿನವರೆಗೆ ಬಂದಿದ್ದರು. ದೊಡ್ಡ ಘಾತಗಳಿಗೆ ಸಾಮಾನ್ಯ ನಿಯಮ ಅವರಿಗೆ ಸಿಕ್ಕಿರಲಿಲ್ಲ. ಹರ್ವಿಟ್ಸ್ 1895 ರಲ್ಲಿ ಡಿಟರ್ಮಿನೆಂಟ್ ದಾರಿಯಿಂದ ಅದೇ ಫಲಿತಾಂಶಕ್ಕೆ ಬಂದರು. ಅವರಿಗೆ ಆ ಪ್ರಶ್ನೆ ಕೇಳಿದವರು ನೀರಿನ ಟರ್ಬೈನ್‌ಗಳ ನಿಯಂತ್ರಣದ ಮೇಲೆ ಕೆಲಸ ಮಾಡುತ್ತಿದ್ದ ಸ್ಟೊಡೊಲಾ. ರೌತ್, ಹರ್ವಿಟ್ಸ್ ಇಬ್ಬರ ಹೆಸರೂ ಒಟ್ಟಿಗೆ ಬರುವುದು ಅದಕ್ಕೇ.

ಇನ್ನು ನಿಮ್ಮ 300 ರ ವಿಷಯ. ಮೊದಲ ಕಾಲಮ್ ಈಗ 1, 12, −5, 300. ಧನದಿಂದ ಋಣಕ್ಕೆ ಒಂದು ಸಲ, ಋಣದಿಂದ ಧನಕ್ಕೆ ಇನ್ನೊಂದು ಸಲ, ಒಟ್ಟು ಎರಡು ಸಲ ಚಿಹ್ನೆ ಬದಲಾಗಿದೆ. ಅಂದರೆ ಬಲಭಾಗದಲ್ಲಿ ಎರಡು ಪೋಲ್‌ಗಳಿವೆ. ಋಣ ಸಂಖ್ಯೆ ಒಂದೇ ಇದೆ ಅಂತ ಒಂದೇ ಪೋಲ್ ಅಂದುಕೊಳ್ಳಬೇಡಿ. ಎಣಿಸಬೇಕಾದ್ದು ಬದಲಾವಣೆಗಳನ್ನು. ಹಾಗಾದರೆ ಸಿಮ್ಯುಲೇಷನ್‌ನಲ್ಲಿ ಯಾಕೆ ಕಾಣಲಿಲ್ಲ? ಇದನ್ನು ಓಡಿಸಿ:

```
pkg load control        % ಆಕ್ಟೇವ್‌ಗೆ ಮಾತ್ರ
G = tf(1, [1 12 20 0]);
T = feedback(300*G, 1);
pole(T)
step(T, 30)
```

ಪೋಲ್‌ಗಳು ಸುಮಾರು −12.35 ಮತ್ತು 0.174 ± j4.93 ಅಂತ ಬರುತ್ತವೆ. ಆ 0.174 ನ್ನು ನೋಡಿ. ಬಲಭಾಗದಲ್ಲಿದೆ ನಿಜ, ಆದರೆ ಎಡ ಬಲಗಳನ್ನು ಬೇರೆ ಮಾಡುವ ಗೆರೆಗೆ, ಅಂದರೆ jω ಅಕ್ಷಕ್ಕೆ, ತೀರಾ ಹತ್ತಿರ. ಅಲೆಯ ಎತ್ತರ ಎರಡರಷ್ಟಾಗಲು 0.693/0.174, ಅಂದರೆ ಹತ್ತಿರ ಹತ್ತಿರ 4 ಸೆಕೆಂಡ್ ಬೇಕು. ಒಂದು ತೂಗಾಟಕ್ಕೆ ಹಿಡಿಯುವ ಸಮಯ ಸುಮಾರು 1.28 ಸೆಕೆಂಡ್. ನೀವು ನೋಡಿದ ಎರಡು ಸೆಕೆಂಡಿನಲ್ಲಿ ಒಂದೂವರೆ ತೂಗಾಟವಷ್ಟೇ ಆಗಿರುತ್ತದೆ. ಅದು ಜೋರಾದ ಓವರ್‌ಶೂಟ್ ಥರ ಕಾಣುತ್ತದೆ, ಅಷ್ಟೇ. 30 ಸೆಕೆಂಡ್ ಬಿಟ್ಟು ನೋಡಿದರೆ ಒಂದು ರೇಡಿಯನ್ ಕೇಳಿದ ಕಡೆ ತೂಗಾಟ ನೂರು ದಾಟಿರುತ್ತದೆ. ಗ್ರಾಫ್ ನೋಡಿ ಸ್ಥಿರತೆ ಹೇಳುವವರಿಗೆಲ್ಲ ಈ ಅಪಾಯ ಇದ್ದದ್ದೇ. ಎಷ್ಟು ಹೊತ್ತು ನೋಡಬೇಕು ಅನ್ನುವುದು ಪೋಲ್ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಪೋಲ್ ಗೊತ್ತಿದ್ದರೆ ಗ್ರಾಫ್ ಯಾಕೆ ಬೇಕು!

ನಿಜವಾದ ಮೋಟಾರಿನಲ್ಲಿ ಅದು ನೂರರವರೆಗೂ ಹೋಗುವುದಿಲ್ಲ. ಆಂಪ್ಲಿಫೈಯರ್ ಕೊಡಬಲ್ಲ ವೋಲ್ಟೇಜ್‌ಗೆ ಮಿತಿ ಇದೆ. ಅಲ್ಲಿ ತಲುಪಿದ ಮೇಲೆ ತೂಗಾಟ ಬೆಳೆಯುವುದು ನಿಲ್ಲುತ್ತದೆ, ಶಾಫ್ಟ್ ಒಂದೇ ಅಳತೆಯಲ್ಲಿ ಹಿಂದೆ ಮುಂದೆ ಓಡಾಡುತ್ತಾ ಗಿಯರ್ ಕಟಕಟ ಅನ್ನುತ್ತದೆ. ಅದನ್ನು ನೋಡಿ ಇದು ಮಾರ್ಜಿನಲಿ ಸ್ಟೇಬಲ್ ಅಂತ ರಿಪೋರ್ಟಿನಲ್ಲಿ ಬರೆಯಬೇಡಿ. ಅದು ಅಸ್ಥಿರವೇ. ಮಿತಿಯೊಂದು ಅಡ್ಡ ನಿಂತಿದೆ, ಅಷ್ಟೇ.

ಈ 240 ಎಲ್ಲಿಂದ ಬಂತು ಅಂತಲೂ ಸ್ವಲ್ಪ ನೋಡೋಣ. ಟ್ಯುಟೋರಿಯಲ್‌ನಲ್ಲಿ ಇದನ್ನು ಬಿಟ್ಟುಬಿಡುತ್ತಾರೆ, ನನಗೆ ಮಾತ್ರ ಟೇಬಲ್‌ಗಿಂತ ಇದೇ ಮುಖ್ಯ ಅನ್ನಿಸುತ್ತದೆ. G ಯನ್ನು ಟೈಮ್ ಕಾನ್‌ಸ್ಟಂಟ್ ರೂಪದಲ್ಲಿ ಬರೆಯಿರಿ:

```
G(s) = (K/20) / [ s (0.5 s + 1)(0.1 s + 1) ]
```

ಇದನ್ನು ಮೋಟಾರಿನ ಭಾಷೆಯಲ್ಲಿ ಓದೋಣ. ಒಂಟಿ s ಬಂದಿರುವುದು ವೇಗ ಕೂಡಿ ಕೂಡಿ ಕೋನ ಆಗುವುದರಿಂದ. 0.5 ಸೆಕೆಂಡ್ ಅನ್ನುವುದು ರೋಟರ್ ಮತ್ತು ಲೋಡ್ ವೇಗ ಹಿಡಿಯಲು ತೆಗೆದುಕೊಳ್ಳುವ ಹೊತ್ತು. 0.1 ಸೆಕೆಂಡ್ ಆಂಪ್ಲಿಫೈಯರ್ ಕಡೆಯ ನಿಧಾನ ಅಂತ ಇಟ್ಟುಕೊಳ್ಳಿ. ಮುಂದಿರುವ K/20 ಗೆ ವೆಲಾಸಿಟಿ ಎರರ್ ಕಾನ್‌ಸ್ಟಂಟ್ ಅನ್ನುತ್ತಾರೆ, Kv. ಈಗ 240 ನ್ನು 20 ರಿಂದ ಭಾಗಿಸಿ, 12 ಬರುತ್ತದೆ. ಆ 12 ಬಂದದ್ದು 2 + 10 ರಿಂದ, ಅಂದರೆ 1/0.5 + 1/0.1. ಇದು ಈ ಲೆಕ್ಕಕ್ಕೆ ಮಾತ್ರ ಕಾಕತಾಳೀಯವಾಗಿ ಬಂದದ್ದಲ್ಲ. ಈ ಆಕಾರದ ಯಾವ ಸಿಸ್ಟಮ್‌ಗೂ ಷರತ್ತು ಒಂದೇ: Kv < 1/T1 + 1/T2.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಪ್ರಶ್ನೆಯಲ್ಲಿ K/[s(0.5s+1)(0.1s+1)] ಅಂತ ಕೊಟ್ಟಿದ್ದರೆ ಉತ್ತರ 240 ಅಲ್ಲ, 12. ಸಿಸ್ಟಮ್ ಅದೇ, ಆದರೆ K ಅನ್ನುವ ಅಕ್ಷರದ ಅರ್ಥ ಬೇರೆ. ಪಕ್ಕದವರ ಉತ್ತರದ ಜೊತೆ ತಾಳೆ ನೋಡುವಾಗ ಇದು ನೆನಪಿರಲಿ. ಎರಡನೆಯದು ಇನ್ನೂ ಮುಖ್ಯ. ಎಲ್ಲ ಟೈಮ್ ಕಾನ್‌ಸ್ಟಂಟ್‌ಗಳೂ ಒಂದೇ ಥರ ಅಡ್ಡಿ ಮಾಡುವುದಿಲ್ಲ. ಆಂಪ್ಲಿಫೈಯರ್ ಬದಲಿಸಿ 0.1 ನ್ನು 0.05 ಮಾಡಿದರೆ Kv ಮಿತಿ 12 ರಿಂದ 22 ಕ್ಕೆ ಏರುತ್ತದೆ. ಅಷ್ಟೇ ಕಷ್ಟಪಟ್ಟು ಲೋಡ್ ಹಗುರ ಮಾಡಿ 0.5 ನ್ನು 0.25 ಮಾಡಿದರೆ 14 ಕ್ಕೆ ನಿಲ್ಲುತ್ತದೆ. ಭಾರ ಇರುವುದು ರೋಟರಿನಲ್ಲಿ, ಆದರೆ ಬೆಲೆ ಕೊಡಬೇಕಾದ್ದು ಆ ಸಣ್ಣ ನಿಧಾನಕ್ಕೆ.

ಈಗ ಸೊನ್ನೆ ಸಾಲು. K = 240 ಹಾಕಿದರೆ s^1 ಸಾಲಿನಲ್ಲಿ ಇರುವುದೆಲ್ಲ ಸೊನ್ನೆ. ಡಿಫರೆನ್ಷಿಯೇಟ್ ಮಾಡು ಅಂದವರು ಸರಿ. ಎಪ್ಸಿಲಾನ್ ಇರುವುದು ಬೇರೆ ಕಾಯಿಲೆಗೆ. ಸಾಲಿನ ಮೊದಲ ಸಂಖ್ಯೆ ಮಾತ್ರ ಸೊನ್ನೆಯಾಗಿ, ಅದೇ ಸಾಲಿನಲ್ಲಿ ಮುಂದೆ ಸೊನ್ನೆಯಲ್ಲದ್ದು ಏನಾದರೂ ಉಳಿದಿದ್ದರೆ ಆಗ ಎಪ್ಸಿಲಾನ್. ಉದಾಹರಣೆಗೆ s^4 + s^3 + 2s^2 + 2s + 3. ಇದರ ಮೂರನೇ ಸಾಲು 0, 3. ಸೊನ್ನೆಯ ಜಾಗದಲ್ಲಿ ಒಂದು ಚಿಕ್ಕ ಧನ ಸಂಖ್ಯೆ ε ಇಟ್ಟರೆ ಮುಂದಿನ ಸಾಲು (2ε − 3)/ε, ಅಂದರೆ ದೊಡ್ಡ ಋಣ ಸಂಖ್ಯೆ. ಕೊನೆಯದು 3. ಎರಡು ಬದಲಾವಣೆ, ಎರಡು ಬಲಭಾಗದ ಪೋಲ್. ಇಲ್ಲಿ ಒಂದು ಗುಟ್ಟು ಇದೆ. ಇಂಥ ಸೊನ್ನೆ ಕಂಡ ತಕ್ಷಣವೇ ಸಿಸ್ಟಮ್ ಸ್ಥಿರ ಅಲ್ಲ ಅಂತ ಬರೆದುಬಿಡಬಹುದು. ಎಪ್ಸಿಲಾನ್ ಬೇಕಾಗುವುದು ಬಲಕ್ಕೆ ಎಷ್ಟು ಪೋಲ್ ಇವೆ ಅಂತ ಎಣಿಸಲು ಮಾತ್ರ.

ಇಡೀ ಸಾಲು ಸೊನ್ನೆಯಾದರೆ ಅದರ ಅರ್ಥ ಬೇರೆ: ಮೂಲಬಿಂದುವಿನ ಸುತ್ತ ಸಮಮಿತಿಯಲ್ಲಿ ಕೂತ ಬೇರುಗಳು ಇವೆ. ಆಗ ಸೊನ್ನೆ ಸಾಲಿನ ಮೇಲಿನ ಸಾಲನ್ನು ಹಿಡಿದು ಆಕ್ಸಿಲರಿ ಸಮೀಕರಣ ಬರೆಯಬೇಕು. ನಿಮ್ಮಲ್ಲಿ ಅದು 12s^2 + 240 = 0. s^2 = −20, ಹಾಗಾಗಿ s = ± j4.47. ಡಿಫರೆನ್ಷಿಯೇಟ್ ಮಾಡಿದರೆ 24s, ಆ 24 ನ್ನು ಸೊನ್ನೆಯ ಜಾಗಕ್ಕೆ ಹಾಕಿ. ಕಾಲಮ್ 1, 12, 24, 240 ಆಗುತ್ತದೆ. ಬದಲಾವಣೆ ಇಲ್ಲ, ಬಲಭಾಗದಲ್ಲಿ ಏನೂ ಇಲ್ಲ. ಎರಡು ಪೋಲ್ ಗೆರೆಯ ಮೇಲೆ, ಒಂದು −12 ರಲ್ಲಿ. (s^2+20)(s+12) ಗುಣಿಸಿ ನೋಡಿ, ನಿಮ್ಮ ಸಮೀಕರಣವೇ ವಾಪಸ್ ಬರುತ್ತದೆ. ಶಾಫ್ಟ್ ಸೆಕೆಂಡಿಗೆ 4.47 ರೇಡಿಯನ್ ಲೆಕ್ಕದಲ್ಲಿ, ಅಂದರೆ ಸುಮಾರು 1.4 ಸೆಕೆಂಡಿಗೊಂದು ಸಲ ತೂಗುತ್ತಲೇ ಇರುತ್ತದೆ. ಲ್ಯಾಬ್‌ನಲ್ಲಿ ಗೇನ್ ನಿಧಾನಕ್ಕೆ ಏರಿಸುತ್ತಾ ಹೋಗಿ ತೂಗಾಟ ನಿಲ್ಲದ ಹಂತ ಬಂದಾಗ ಸ್ಟಾಪ್‌ವಾಚ್ ಹಿಡಿದು ನೋಡಿ. ಈ 1.4 ಹತ್ತಿರ ಬರದಿದ್ದರೆ ನಿಮ್ಮ ಮಾದರಿಯಲ್ಲೇ ಏನೋ ಬಿಟ್ಟುಹೋಗಿದೆ.

ಸೊನ್ನೆ ಸಾಲು ಬಂತು, ಹಾಗಾದರೆ ಮಾರ್ಜಿನಲಿ ಸ್ಟೇಬಲ್ ಅಂತ ಬಾಯಿಪಾಠ ಮಾಡಿದವರು ಬಹಳ. ಅದು ನಿಮ್ಮ ಲೆಕ್ಕಕ್ಕೆ ನಿಜ, ಎಲ್ಲದಕ್ಕೂ ಅಲ್ಲ. ಈ ಬಹುಪದ ನೋಡಿ:

```
s^5 + 2s^4 + s^3 + 2s^2 + s + 2

s^5 |  1    1   1
s^4 |  2    2   2
s^3 |  0    0        ->  8   4
s^2 |  1    2
s^1 | -12
s^0 |  2
```

ಎಲ್ಲ ಗುಣಾಂಕಗಳೂ ಧನ, ಒಂದೂ ಬಿಟ್ಟುಹೋಗಿಲ್ಲ. s^3 ಸಾಲು ಸೊನ್ನೆ. ಆಕ್ಸಿಲರಿ 2s^4 + 2s^2 + 2, ಅದನ್ನು ಡಿಫರೆನ್ಷಿಯೇಟ್ ಮಾಡಿದರೆ 8s^3 + 4s. ಆ 8 ಮತ್ತು 4 ಹಾಕಿ ಮುಂದುವರಿದರೆ ಕೆಳಗೆ −12 ಬಂತು. ಎರಡು ಬದಲಾವಣೆ. ಬಲಭಾಗದಲ್ಲಿ 0.5 ± j0.866 ಇವೆ, ಅವುಗಳ ಪ್ರತಿಬಿಂಬ ಎಡಭಾಗದಲ್ಲಿ. ಸಮಮಿತಿ ಅಂದರೆ ಗೆರೆಯ ಮೇಲೆಯೇ ಇರಬೇಕು ಅಂತಿಲ್ಲ. ಎಡಕ್ಕೆರಡು ಬಲಕ್ಕೆರಡು ಕೂತರೂ ಸಮಮಿತಿಯೇ. ಸೊನ್ನೆ ಸಾಲಿಗೆ ನಿಲ್ಲಿಸಿದವರಿಗೆ ಇದು ಗೊತ್ತಾಗುವುದಿಲ್ಲ.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. (s^2+1)^2 (s+1) ಗೆ ಟೇಬಲ್ ಹಾಕಿ ನೋಡಿ. ಸೊನ್ನೆ ಸಾಲು ಒಮ್ಮೆ ಬರುತ್ತದೆ, ಡಿಫರೆನ್ಷಿಯೇಟ್ ಮಾಡಿ ಮುಂದೆ ಹೋದರೆ ಮತ್ತೊಮ್ಮೆ ಬರುತ್ತದೆ. ಕೊನೆಗೆ ಚಿಹ್ನೆ ಬದಲಾವಣೆ ಒಂದೂ ಇರುವುದಿಲ್ಲ. ಆದರೂ ಸಿಸ್ಟಮ್ ಅಸ್ಥಿರ. ಗೆರೆಯ ಮೇಲೆ ಒಂದೇ ಜಾಗದಲ್ಲಿ ಎರಡೆರಡು ಪೋಲ್ ಕೂತಿವೆ, ತೂಗಾಟ t ಜೊತೆ ಗುಣಿಸಿಕೊಂಡು ಬೆಳೆಯುತ್ತದೆ. ಹಾಗಾಗಿ ಸೊನ್ನೆ ಸಾಲು ಬಂದಾಗ ಆಕ್ಸಿಲರಿ ಸಮೀಕರಣವನ್ನು ಬಿಡಿಸಿಯೇ ಬಿಡಿ. ಅದು s^2 ನಲ್ಲಿ ಬರುತ್ತದೆ, ಬಿಡಿಸಲು ಕಷ್ಟ ಇಲ್ಲ.

ಈಗ 230. ಟೇಬಲ್ ಪ್ರಕಾರ ಸ್ಥಿರ. ಆದರೆ ಗೆರೆಯಿಂದ ಎಷ್ಟು ದೂರ ಅಂತ ಟೇಬಲ್ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪೋಲ್‌ಗಳನ್ನು ಕಂಡುಹಿಡಿದರೆ ಆ ಜೋಡಿಯ ನೈಜ ಭಾಗ −0.031 ಬರುತ್ತದೆ. ಸೆಟ್ಲಿಂಗ್ ಟೈಮ್ ಸುಮಾರು 4/0.031, ಅಂದರೆ ಎರಡು ನಿಮಿಷಕ್ಕೂ ಜಾಸ್ತಿ. ಒಂದು ಸಲ ಕಮಾಂಡ್ ಕೊಟ್ಟರೆ ಶಾಫ್ಟ್ ತೂಗಾಡಿ ನಿಲ್ಲಲು ಎರಡು ನಿಮಿಷ ಕಾಯಬೇಕು. ಪ್ರಾಜೆಕ್ಟ್ ಡೆಮೋ ಮುಗಿದೇ ಹೋಗಿರುತ್ತದೆ.

ದೂರವನ್ನೂ ಟೇಬಲ್‌ನಿಂದಲೇ ಕೇಳಬಹುದು. ಗೆರೆಯನ್ನೇ ಎಡಕ್ಕೆ ಸರಿಸಿದರಾಯಿತು. ನಿಮಗೆ 8 ಸೆಕೆಂಡಿನೊಳಗೆ ಸೆಟ್ಲ್ ಆಗಬೇಕು ಅಂತಿಟ್ಟುಕೊಳ್ಳಿ. 4/8 = 0.5, ಎಲ್ಲ ಪೋಲ್‌ಗಳೂ −0.5 ಗಿಂತ ಎಡಕ್ಕಿರಬೇಕು. s ಇರುವ ಕಡೆ z − 0.5 ಹಾಕಿ ಬಿಡಿಸಿ:

```
z^3 + 10.5 z^2 + 8.75 z + (K - 7.125)
```

ಇದು ಮತ್ತೆ ಘನ ಸಮೀಕರಣ. ಹಳೆಯ ಷರತ್ತೇ ಸಾಕು. ಕೊನೆಯ ಪದ ಧನ ಆಗಲು K > 7.125. ಒಳಗಿನ ಗುಣಲಬ್ಧ 10.5 × 8.75 = 91.875, ಅದಕ್ಕಿಂತ K − 7.125 ಚಿಕ್ಕದಿರಬೇಕು. ಹಾಗಾಗಿ K < 99. ನೋಡಿ, 240 ಇದ್ದ ಮಿತಿ 99 ಕ್ಕೆ ಬಂತು. ಕೆಳಗೂ ಒಂದು ಮಿತಿ ಹುಟ್ಟಿಕೊಂಡಿತು. ಗೇನ್ ತೀರಾ ಕಡಿಮೆ ಇದ್ದರೆ ತೂಗಾಟ ಇರುವುದಿಲ್ಲ, ಆದರೆ ಶಾಫ್ಟ್ ತೆವಳಿಕೊಂಡು ಹೋಗುತ್ತದೆ.

ಆಸೆ ಹೆಚ್ಚಿಸಿ 4 ಸೆಕೆಂಡ್ ಕೇಳೋಣ. s = z − 1 ಹಾಕಿದರೆ z^3 + 9z^2 − z + (K − 9). ಮಧ್ಯೆ −1 ಕೂತಿದೆ, ಅದರಲ್ಲಿ K ಇಲ್ಲ. ಅಂದರೆ K ಎಷ್ಟೇ ಇಟ್ಟರೂ ಎಲ್ಲ ಪೋಲ್‌ಗಳನ್ನು −1 ರ ಎಡಕ್ಕೆ ತಳ್ಳಲು ಆಗುವುದಿಲ್ಲ. ಬರೀ ಗೇನ್ ತಿರುಗಿಸಿ ಈ ಮೋಟಾರಿನಿಂದ ಅಷ್ಟು ವೇಗ ಹೊರಡಿಸಲು ಸಾಧ್ಯವಿಲ್ಲ. ಬೇಕಿದ್ದರೆ ಲೀಡ್ ಕಾಂಪೆನ್ಸೇಟರ್ ಹಾಕಬೇಕು, ಇಲ್ಲವೇ ಟ್ಯಾಕೋ ಫೀಡ್‌ಬ್ಯಾಕ್ ಕೊಡಬೇಕು. ಇಷ್ಟನ್ನು ಎರಡು ಸಾಲಿನ ಲೆಕ್ಕ ಹೇಳಿಬಿಟ್ಟಿತು. ರಾತ್ರಿಯಿಡೀ ಗೇನ್ ಬದಲಿಸುತ್ತಾ ಕೂರುವುದು ತಪ್ಪಿತು.

ಕೊನೆಯದಾಗಿ, ನಿಮ್ಮ ಪ್ರಾಜೆಕ್ಟ್‌ನಲ್ಲಿ ಎರರ್ ಲೆಕ್ಕ ಮಾಡುವುದು ಮೈಕ್ರೋಕಂಟ್ರೋಲರ್ ಆಗಿದ್ದರೆ ಇನ್ನೊಂದು ವಿಷಯ ಇದೆ. ಸೆನ್ಸರ್ ಓದಿ, ಲೆಕ್ಕ ಮಾಡಿ, ಔಟ್‌ಪುಟ್ ಕೊಡುವಷ್ಟರಲ್ಲಿ ಸ್ವಲ್ಪ ತಡ ಆಗುತ್ತದೆ. ಅದು 0.1 ಸೆಕೆಂಡ್ ಅಂದುಕೊಳ್ಳಿ. ಆಗ G ಗೆ e^(−0.1s) ಸೇರುತ್ತದೆ. ಅದು ಬಹುಪದ ಅಲ್ಲ, ರೌತ್ ಟೇಬಲ್‌ಗೆ ನೇರವಾಗಿ ಹಾಕಲಾಗದು. ಪಾಡೆ ಅಂದಾಜು ಬಳಸಿ ಅದನ್ನು (20 − s)/(20 + s) ಅಂತ ಬರೆದರೆ ಟೇಬಲ್ ಮತ್ತೆ ನಡೆಯುತ್ತದೆ. ಕ್ಯಾರೆಕ್ಟರಿಸ್ಟಿಕ್ ಸಮೀಕರಣ ಹೀಗಾಗುತ್ತದೆ:

```
s^4 + 32 s^3 + 260 s^2 + (400 - K) s + 20K = 0
```

s^2 ಸಾಲಿನ ಮೊದಲ ಸಂಖ್ಯೆ (7920 + K)/32. s^1 ಸಾಲು ಧನ ಆಗಬೇಕು ಅನ್ನುವ ಷರತ್ತನ್ನು ಬಿಡಿಸಿದರೆ K^2 + 28000K − 3168000 < 0, ಅಂದರೆ K ಸುಮಾರು 112.7 ಕ್ಕಿಂತ ಕಡಿಮೆ. ಫೇಸ್ ಲೆಕ್ಕ ಹಾಕಿ ನಿಖರವಾಗಿ ನೋಡಿದರೆ 112.3 ರ ಹತ್ತಿರ ಬರುತ್ತದೆ, ಹಾಗಾಗಿ ಅಂದಾಜನ್ನು ಇಲ್ಲಿ ನಂಬಬಹುದು. 0.1 ಸೆಕೆಂಡಿನ ತಡ ಒಂದೇ 240 ನ್ನು ಅರ್ಧಕ್ಕೂ ಕೆಳಗೆ ಇಳಿಸಿತು. ನಿಮ್ಮ 230 ಈಗ ಸ್ಪಷ್ಟವಾಗಿ ಅಸ್ಥಿರ. ಮೇಲೆ 8 ಸೆಕೆಂಡಿಗೆ ಅಂತ ಸಿಕ್ಕ 99 ಕೂಡ ಈಗ ಮಿತಿಗೆ ತೀರಾ ಹತ್ತಿರ, ಅದನ್ನೂ ಇಡುವಂತಿಲ್ಲ.

ಹಾಗಾಗಿ ಮೊದಲು ಆ ತಡ ಎಷ್ಟು ಅಂತ ಅಳೆಯಿರಿ. ಸೆನ್ಸರ್ ಓದುವ ಮೊದಲು ಒಂದು ಪಿನ್ ಹೈ ಮಾಡಿ, ಔಟ್‌ಪುಟ್ ಕೊಟ್ಟ ಮೇಲೆ ಲೋ ಮಾಡಿ, ಆಸಿಲೋಸ್ಕೋಪ್‌ನಲ್ಲಿ ಅಗಲ ನೋಡಿದರೆ ಸಾಕು. ಸ್ಯಾಂಪಲ್‌ಗಳ ನಡುವಿನ ಅಂತರದ ಅರ್ಧವನ್ನೂ ಅದಕ್ಕೆ ಸೇರಿಸಿ. ಬಂದ ಸಂಖ್ಯೆಯನ್ನು 0.1 ರ ಜಾಗಕ್ಕೆ ಹಾಕಿ ಈ ಕೊನೆಯ ಟೇಬಲ್ ಮತ್ತೊಮ್ಮೆ ಮಾಡಿ. 0.1 ರಷ್ಟೇ ತಡ ಇದ್ದರೆ ನಾನಾಗಿದ್ದರೆ 40 ರಿಂದ ಶುರು ಮಾಡುತ್ತಿದ್ದೆ.